ದಿನಕ್ಕೆ ಎಂಟು ಪುಟ: ಕೆಲಸಕ್ಕೆ ಹೋಗುವ ಅಮ್ಮನ ಮೂವತ್ತು ದಿನದ ಓದು

"ಇವತ್ತೂ ಓದಲಿಲ್ಲವಾ? ನಾಚಿಕೆ ಆಗಬೇಕು."

ರಾತ್ರಿ ಒಂಬತ್ತಕ್ಕೆ ನನ್ನ ಮೊಬೈಲಿನಲ್ಲಿ ಈ ಸಾಲು ಬಂತು. ಓದು ನೆನಪಿಸಲಿ ಅಂತ ಬರೆದಿಟ್ಟವಳು ನಾನೇ. ಓದಿದ್ದು ಮಾತ್ರ ಒಂಬತ್ತು ವರ್ಷದ ಮಗಳು. ಶಾಲೆಯಲ್ಲಿ ಪಾಠ ಓದುವ ಹಾಗೆ ಜೋರಾಗಿ ಓದಿದಳು. ಆಮೇಲೆ ಕೇಳಿದಳು, "ಅಮ್ಮ, ನಿಂಗೆ ಯಾರು ಬೈದದ್ದು?"

ಅಷ್ಟು ಹೊತ್ತಿಗೆ ನನ್ನ ಕೈಯಲ್ಲಿ ಪಾತ್ರೆ ತಿಕ್ಕುವ ನಾರು ಇತ್ತು. ಚಿಕ್ಕವನಿಗೆ ನಾಲ್ಕು ವರ್ಷ, ಅವನಿಗೆ ಇನ್ನೂ ನಿದ್ದೆ ಬಂದಿರಲಿಲ್ಲ. ಪುಸ್ತಕ ಎಲ್ಲಿತ್ತು ಅಂತ ಕೇಳಿದರೆ ನನಗೇ ಗೊತ್ತಿರಲಿಲ್ಲ. ಆ ಸಾಲು ನನಗೆ ಬೈದದ್ದು ಬಿಟ್ಟರೆ ಬೇರೆ ಯಾವ ಉಪಕಾರವನ್ನೂ ಮಾಡಲಿಲ್ಲ. ಒರಸಿ ಹಾಕಿದೆ. ಮರುದಿನವೂ ಅದೇ ಆಯಿತು.

ನಾನಿರುವುದು ಬದಿಯಡ್ಕದ ಹತ್ತಿರ. ಕೆಲಸ ಕಾಸರಗೋಡು ಪೇಟೆಯಲ್ಲಿ, ಒಬ್ಬ ಅಡಿಕೆ ವ್ಯಾಪಾರಿಯ ಅಂಗಡಿಯಲ್ಲಿ ಲೆಕ್ಕ ಬರೆಯುವುದು. ಮದುವೆಗೆ ಮುಂಚೆ ವಾರಕ್ಕೊಂದು ಕಾದಂಬರಿ ಮುಗಿಸುತ್ತಿದ್ದವಳು ನಾನು. ಮಗಳು ಹುಟ್ಟಿದ ಮೇಲೆ ಒಂಬತ್ತು ವರ್ಷದಲ್ಲಿ ಪೂರ್ತಿ ಓದಿದ ಪುಸ್ತಕ ಬೆರಳೆಣಿಕೆಯಷ್ಟು. ಕಳೆದ ಮಳೆಗಾಲದಲ್ಲಿ 192 ಪುಟದ ಒಂದು ಕಾದಂಬರಿಯನ್ನು ಒಂದು ತಿಂಗಳಲ್ಲಿ ಮುಗಿಸಿದೆ. ಹೇಗೆ ಅಂತ ಅಂಗಡಿಯ ಪಕ್ಕದವರು, ಬಸ್ಸಿನವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ಅಮ್ಮ ಅಂತ ಬರೆದಿದ್ದು ನನ್ನ ಲೆಕ್ಕಕ್ಕೆ. ಅಪ್ಪಂದಿರಿಗೂ ಇದೇ ಲೆಕ್ಕ ಹಿಡಿಯುತ್ತದೆ.

ಮೊದಲು ನಿಮ್ಮ ವೇಗ ಅಳೆಯಿರಿ, ದಣಿದ ಹೊತ್ತಿನಲ್ಲೇ

ಎಲ್ಲರೂ ತಪ್ಪುವುದು ಇಲ್ಲಿ. ಭಾನುವಾರ ಮಧ್ಯಾಹ್ನ ಆರಾಮವಾಗಿ ಕೂತು ಓದಿ, ಇಷ್ಟು ಓದಬಹುದು ಅಂತ ಲೆಕ್ಕ ಹಾಕುತ್ತೇವೆ. ನಾನೂ ಹಾಗೇ ಮಾಡಿದೆ. ಹತ್ತು ನಿಮಿಷಕ್ಕೆ ಏಳು ಪುಟ ಬಂತು. ಮರುದಿನ ರಾತ್ರಿ ಒಂಬತ್ತೂ ಮುಕ್ಕಾಲಿಗೆ, ಮಕ್ಕಳು ಮಲಗಿದ ಮೇಲೆ, ಅದೇ ಪುಸ್ತಕ, ಅದೇ ಹತ್ತು ನಿಮಿಷ. ನಾಲ್ಕೇ ಪುಟ. ಅದರಲ್ಲೂ ಒಂದು ಪ್ಯಾರಾ ಎರಡು ಸಲ ಓದಿದ್ದೆ.

ನೀವು ನಂಬಬೇಕಾದ ಅಂಕಿ ಆ ಚಿಕ್ಕದು. ನಿಜವಾಗಿ ಓದುವ ಹೊತ್ತಿಗೇ, ನಿಜವಾಗಿ ಕೂರುವ ಜಾಗದಲ್ಲೇ ಹತ್ತು ನಿಮಿಷ ಅಲಾರಂ ಇಟ್ಟು ಓದಿ. ಪುಟ ಎಣಿಸಿ.

ನಮ್ಮ ಕಡೆಯವರಿಗೆ ಇನ್ನೊಂದು ವಿಷಯ ಉಂಟು. ನಾನು ಕಲಿತದ್ದು ಕನ್ನಡ ಮೀಡಿಯಂನಲ್ಲಿ. ಆದರೆ ಹಗಲಿಡೀ ಕಣ್ಣಿಗೆ ಬೀಳುವುದು ಮಲಯಾಳದ ಬೋರ್ಡು, ಬಿಲ್ಲು, ಬಸ್ಸಿನ ಹೆಸರು. ಕಂಪ್ಯೂಟರಿನಲ್ಲಿ ಇಂಗ್ಲಿಷು. ಕನ್ನಡ ಮಾತಾಡುತ್ತೇವೆ, ಉದ್ದಕ್ಕೆ ಕೂತು ಓದುವುದು ಕಮ್ಮಿ. ಹಾಗಾಗಿ ಮೊದಲ ನಾಲ್ಕೈದು ದಿನ ಸಾಲು ಜಾರುತ್ತದೆ, ಒತ್ತಕ್ಷರದ ಹತ್ತಿರ ಕಣ್ಣು ತಡವರಿಸುತ್ತದೆ. ನನಗೆ ಐದನೆಯ ದಿನ ಮತ್ತೆ ಅಳೆದಾಗ ಹತ್ತು ನಿಮಿಷಕ್ಕೆ ಐದು ಪುಟ ಆಗಿತ್ತು. ಹೆಚ್ಚಾಯಿತು ಅಂತ ಪುಟ ಜಾಸ್ತಿ ಮಾಡಲಿಲ್ಲ. ಉಳಿದ ನಿಮಿಷ ಉಳಿಯಲಿ ಅಂತ ಬಿಟ್ಟೆ.

ಮೂವತ್ತರಲ್ಲಿ ಓದುವುದು ಇಪ್ಪತ್ನಾಲ್ಕೇ ದಿನ

192 ಪುಟವನ್ನು 30ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ಆರೂವರೆ ಪುಟ. ಈ ಲೆಕ್ಕ ಹಾಕಿದವರು ಯಾರೂ ಮುಗಿಸುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದ ಮೇಲೆ ಒಂದು ಜ್ವರ, ಒಂದು ಶಾಲೆಯ ಮೀಟಿಂಗು, ಒಂದು ನೆಂಟರ ಬರುವಿಕೆ ಇದ್ದೇ ಇರುತ್ತದೆ. ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

ಸೋಮವಾರ ಶುರು ಮಾಡಿ. ಸೋಮವಾರದಿಂದ ಶನಿವಾರ ಆರು ದಿನ ಓದು. ನಾಲ್ಕು ವಾರಕ್ಕೆ 24 ದಿನ. ನಾಲ್ಕು ಭಾನುವಾರ ಖಾಲಿ. ಕೊನೆಯ 29, 30 ಕೂಡ ಖಾಲಿ. 192 ಅನ್ನು 24ರಿಂದ ಭಾಗಿಸಿ: ಎಂಟು. ದಿನಕ್ಕೆ ಎಂಟು ಪುಟ, ವಾರಕ್ಕೆ 48.

ನನ್ನ ರಾತ್ರಿಯ ವೇಗದಲ್ಲಿ ಎಂಟು ಪುಟಕ್ಕೆ ಇಪ್ಪತ್ತು ನಿಮಿಷ ಬೇಕು. ರಾತ್ರಿ ಒಂದೇ ಪಟ್ಟಿಗೆ ಇಪ್ಪತ್ತು ನಿಮಿಷ ಕೂತರೆ ನಾನು ಅಲ್ಲೇ ತೂಕಡಿಸುತ್ತೇನೆ. ಅದಕ್ಕೆ ಎರಡು ತುಂಡು ಮಾಡಿದೆ. ಬೆಳಿಗ್ಗೆ ನಾಲ್ಕು, ರಾತ್ರಿ ನಾಲ್ಕು.

ಬೆಳಿಗ್ಗೆಯ ಹತ್ತು ನಿಮಿಷ ಎಲ್ಲಿ ಸಿಕ್ಕಿತು ಅಂದರೆ, ಅಂಗಡಿಯ ಬಾಗಿಲಲ್ಲಿ. ಬಸ್ಸು ನನ್ನನ್ನು ಇಳಿಸುವುದು ಒಂಬತ್ತೂ ಹತ್ತಕ್ಕೆ. ಅಂಗಡಿ ತೆರೆಯುವುದು ಒಂಬತ್ತೂವರೆಗೆ. ಇಷ್ಟು ವರ್ಷ ಆ ಹೊತ್ತು ಮೊಬೈಲಿಗೆ ಹೋಗುತ್ತಿತ್ತು. ಬಸ್ಸಿನಲ್ಲೇ ಓದಬಹುದಲ್ವಾ ಅಂತ ನೀವು ಕೇಳಬಹುದು. ನಮ್ಮ ರಸ್ತೆಯ ತಿರುವುಗಳಲ್ಲಿ ಪುಸ್ತಕ ಬಿಡಿಸಿದರೆ ಎರಡನೆಯ ಪುಟಕ್ಕೇ ಹೊಟ್ಟೆ ತೊಳಸುತ್ತದೆ. ಮಂಜೇಶ್ವರದಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವ ನನ್ನ ಗೆಳತಿ ನಿಂತುಕೊಂಡೇ ಓದುತ್ತಾಳೆ, ಅವಳಿಗೆ ಏನೂ ಆಗುವುದಿಲ್ಲ. ರೈಲಿನವರು ಪುಣ್ಯವಂತರು.

ಯಾವ ಪುಸ್ತಕ

ಬೇಗ ಹೇಳಿ ಮುಗಿಸುತ್ತೇನೆ. ಮೊದಲ ತಿಂಗಳಿಗೆ 200 ಪುಟದ ಒಳಗಿನ ಕಾದಂಬರಿ. 240 ದಾಟಿದರೆ ದಿನಕ್ಕೆ ಹತ್ತಕ್ಕಿಂತ ಜಾಸ್ತಿ ಪುಟ ಬರುತ್ತದೆ, ಬೇಡ. ಪುಟದ ಸಂಖ್ಯೆ ನೋಡುವ ಮೊದಲು ನಡುವಿನ ಒಂದು ಪುಟ ತೆರೆದು ಸಾಲು ಎಣಿಸಿ. ಮೂವತ್ತರ ಆಸುಪಾಸು ಇದ್ದರೆ ಸರಿ. ಕೆಲವು ಹಳೆಯ ಮುದ್ರಣಗಳಲ್ಲಿ ನಲವತ್ತು ಸಾಲು, ಸಣ್ಣ ಅಕ್ಷರ. ಅಂಥ ಪುಸ್ತಕ 150 ಪುಟ ಇದ್ದರೂ 200ರ ಲೆಕ್ಕ ಹಿಡಿಯಿರಿ. ಕವಿತೆಗೆ ಈ ಲೆಕ್ಕ ನಡೆಯುವುದಿಲ್ಲ. ಪ್ರಬಂಧ, ಸಣ್ಣಕಥೆ ಆದರೆ ಪುಟದ ಬದಲು ಒಂದೊಂದೇ ಕಥೆ ಹಂಚಿಕೊಳ್ಳಿ.

ಮುನ್ನುಡಿ ಕೊನೆಗೆ ಓದಿ. ನಮ್ಮ ಕನ್ನಡದ ಎಷ್ಟೋ ಮುನ್ನುಡಿಗಳು ಕಥೆ ಪೂರ್ತಿ ಹೇಳಿಬಿಡುತ್ತವೆ. ನನ್ನ ಪುಸ್ತಕದಲ್ಲಿ ಮುನ್ನುಡಿಗೆ ಬೇರೆ ಅಂಕೆ ಇತ್ತು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ನಾನು ಪುಸ್ತಕ ತಂದದ್ದು ಊರಿನ ವಾಯನಶಾಲೆಯಿಂದ. ಅಲ್ಲಿ ಕನ್ನಡ ಪುಸ್ತಕದ ಕಪಾಟು ಒಂದು ಮೂಲೆಯಲ್ಲಿ ಉಂಟು. 15 ದಿನಕ್ಕೆ ಕೊಡುತ್ತಾರೆ, ಆಮೇಲೆ ಹೋಗಿ ಮತ್ತೆ ಬರೆಸಬೇಕು. ಮೂವತ್ತು ದಿನದ ಓದಿಗೆ ಎರಡು ಸಲ ಬರೆಸಬೇಕು ಅಂತ ಆಯಿತು. ಇದೂ ನೆನಪಿನ ಸಾಲಿನಲ್ಲಿ ಬರಬೇಕು, ಇಲ್ಲದಿದ್ದರೆ ಮರೆಯುತ್ತದೆ.

ನೆನಪಿನ ಸಾಲು ಹೇಗಿರಬೇಕು

ಈಗ ಮುಖ್ಯ ವಿಷಯಕ್ಕೆ ಬಂದೆ. "ಓದು" ಅಂತ ಬರೆದರೆ ಅದು ನೆನಪಿಸಿದ ಹಾಗಲ್ಲ. ಓದಬೇಕು ಅಂತ ನಮಗೆ ಗೊತ್ತೇ ಇದೆ. ದಣಿದು ಕೂತ ಹೊತ್ತಿನಲ್ಲಿ ಗೊತ್ತಾಗದೆ ಇರುವುದು ಬೇರೆ: ಪುಸ್ತಕ ಎಲ್ಲಿಟ್ಟೆ? ಎಷ್ಟು ಓದಿದರೆ ಇವತ್ತಿಗೆ ಸಾಕು? ಕಥೆಯಲ್ಲಿ ಎಲ್ಲಿದ್ದೆ? ಸಾಲು ಈ ಮೂರಕ್ಕೆ ಉತ್ತರ ಕೊಡಬೇಕು. ಅಷ್ಟೇ ಕೊಡಬೇಕು.

ಮೊದಲ ಎರಡು ಸುಲಭ. "ಪುಟ 16ರವರೆಗೆ. ಪುಸ್ತಕ ಅಕ್ಕಿ ಡಬ್ಬದ ಮೇಲೆ." ಮೂರನೆಯದು ಸ್ವಲ್ಪ ಕಷ್ಟ, ಆದರೆ ಫಲ ಕೊಟ್ಟದ್ದು ಅದೇ. ರಾತ್ರಿ ಪುಸ್ತಕ ಮುಚ್ಚುವಾಗ ಕಥೆ ಎಲ್ಲಿ ನಿಂತಿತು ಅಂತ ನಾಲ್ಕು ಶಬ್ದದಲ್ಲಿ ನಾಳೆಯ ಸಾಲಿಗೆ ಸೇರಿಸಿ. ನನ್ನ ಕಾದಂಬರಿಯಲ್ಲಿ ಒಂದು ರಾತ್ರಿ ದೋಣಿಯವನು ಹೊಳೆಯ ಆಚೆ ದಡದಲ್ಲಿ ಯಾರೋ ಕೂಗುವುದನ್ನು ಕೇಳುತ್ತಾನೆ. ನನ್ನ ನಾಲ್ಕು ಪುಟ ಅಲ್ಲಿಗೆ ಮುಗಿಯಿತು. ಮರುದಿನದ ಸಾಲಿಗೆ ಹೀಗೆ ಸೇರಿಸಿದೆ: "ಆಚೆ ದಡದಲ್ಲಿ ಕೂಗಿದ್ದು ಯಾರು?" ಮರುದಿನ ರಾತ್ರಿ ಪಾತ್ರೆ ಅರ್ಧ ತೊಳೆದಿದ್ದೆ. ಮೊಬೈಲು ಬೆಳಗಿತು. ಕೈ ಒರಸಿಕೊಂಡು ನೇರ ಅಕ್ಕಿ ಡಬ್ಬದ ಹತ್ತಿರ ಹೋದೆ. ಪಾತ್ರೆ ಆಮೇಲೆ ತೊಳೆದೆ.

ಅದಕ್ಕೇ ಹೇಳುವುದು, ಅಧ್ಯಾಯ ಮುಗಿಯುವಲ್ಲಿ ನಿಲ್ಲಿಸಬೇಡಿ. ಮುಗಿದ ಅಧ್ಯಾಯ ಮುಚ್ಚಿದ ಬಾಗಿಲು ಇದ್ದ ಹಾಗೆ, ಮರುದಿನ ತಳ್ಳಬೇಕಾಗುತ್ತದೆ. ಪುಟದ ಲೆಕ್ಕ ಎಲ್ಲಿಗೆ ಬಂತೋ ಅಲ್ಲಿನ ಪ್ಯಾರಾ ಮುಗಿಸಿ ಮುಚ್ಚಿ.

ಬೈಗುಳ ಬೇಡ. ಪ್ರೋತ್ಸಾಹವೂ ಬೇಡ. "ನಿನ್ನಿಂದ ಆಗುತ್ತದೆ" ಅಂತ ಮೊಬೈಲು ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಮನೆಯವರು ಅಡುಗೆಮನೆಯಿಂದ ಕೂಗಿ ಹೇಳುವ ಧಾಟಿಯಲ್ಲಿ ಬರೆಯಿರಿ. ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ನನ್ನದು ನಮ್ಮ ಕಡೆಯ ಕನ್ನಡ, "ಉಂಟು", "ಎಂತ" ಎಲ್ಲ ಬರುತ್ತದೆ.

ಇನ್ನು, ದಿನಾ ಅದೇ ಸಾಲು ಇಡಬೇಡಿ. ನಾಲ್ಕನೆಯ ದಿನಕ್ಕೆ ಅದು ಗೋಡೆಯ ಹಳೇ ಕ್ಯಾಲೆಂಡರಿನಂತಾಗುತ್ತದೆ, ಕಣ್ಣೆದುರು ಇದ್ದರೂ ಕಾಣುವುದಿಲ್ಲ.

ಮೊಬೈಲಿನಲ್ಲಿ ಇಡುವ ಕ್ರಮ

ದಿನಾ ಬೇರೆ ಸಾಲು ಬೇಕಾದ್ದರಿಂದ ಸಾಮಾನ್ಯ ಅಲಾರಂ ಸಾಲದು. ನಾನು ಗೂಗಲ್ ಕ್ಯಾಲೆಂಡರ್ ಬಳಸಿದೆ. ಒಂದು ದಿನ ಆರಿಸಿ, ಹೊಸ ಕಾರ್ಯಕ್ರಮ ಅಂತ ಸೇರಿಸಿ, ಹೆಸರು ಬರೆಯುವ ಜಾಗದಲ್ಲಿ ನಿಮ್ಮ ಸಾಲು ಬರೆಯಿರಿ. ಸಮಯ ಕೊಡಿ. ಒಂದು ವಿಷಯ ನೆನಪಿಡಿ. ಸಾಮಾನ್ಯವಾಗಿ ಅದು ಅರ್ಧ ಗಂಟೆ ಮೊದಲೇ ಎಚ್ಚರಿಸುವಂತೆ ಇರುತ್ತದೆ. ನನಗೆ ಗೊತ್ತಿರಲಿಲ್ಲ. ಒಂಬತ್ತೂ ನಲವತ್ತಕ್ಕೆ ಅಂತ ಇಟ್ಟದ್ದು ಒಂಬತ್ತೂ ಹತ್ತಕ್ಕೆ ಬಂತು. ಚಿಕ್ಕವನು ನಿದ್ದೆಗೆ ಜಾರುತ್ತಿದ್ದವನು ಎದ್ದು ಕೂತ. ಆ ಅರ್ಧ ಗಂಟೆಯನ್ನು ತೆಗೆದು, ಸರಿಯಾಗಿ ಅದೇ ಸಮಯಕ್ಕೆ ಬರುವ ಹಾಗೆ ಬದಲಾಯಿಸಿ. ಶಬ್ದ ಬೇಡ, ಬರೀ ನಡುಗಿದರೆ ಸಾಕು.

ಇನ್ನೊಂದು ಮುಖ್ಯ. ಸಾಲು ಮೊಬೈಲ್ ತೆರೆಯದೆಯೇ ಪೂರ್ತಿ ಓದಲು ಸಿಗಬೇಕು. ತೆರೆದರೆ ಮುಗಿಯಿತು, ಕುಟುಂಬದ ಗ್ರೂಪಿನಲ್ಲಿ ಹತ್ತು ಮೆಸೇಜು ಕಾದಿರುತ್ತದೆ. ಉದ್ದದ ಸಾಲು ಬೀಗ ಹಾಕಿದ ತೆರೆಯ ಮೇಲೆ ಅರ್ಧಕ್ಕೆ ತುಂಡಾಗುತ್ತದೆ. ಹಾಗಾಗಿ ಪುಟದ ಸಂಖ್ಯೆ ಮೊದಲು, ಉಳಿದದ್ದು ಆಮೇಲೆ. ಕೆಲವು ಮೊಬೈಲಿನಲ್ಲಿ ಬೀಗದ ತೆರೆಯ ಮೇಲೆ ವಿಷಯವನ್ನು ಮುಚ್ಚಿಡುವ ವ್ಯವಸ್ಥೆ ಇರುತ್ತದೆ, ಅದನ್ನು ಸೆಟ್ಟಿಂಗಿನಲ್ಲಿ ನೋಡಿಕೊಳ್ಳಿ.

ಮೂವತ್ತೂ ಸಾಲನ್ನು ಒಂದೇ ದಿನ ಇಡಬೇಡಿ. ಭಾನುವಾರ ರಾತ್ರಿ ಮುಂದಿನ ವಾರದ್ದು ಮಾತ್ರ ಇಡಿ. ಯಾಕಂದರೆ ನೀವು ನಿಜವಾಗಿ ಯಾವ ಪುಟದಲ್ಲಿದ್ದೀರಿ ಅಂತ ಅವತ್ತೇ ಗೊತ್ತಾಗುವುದು. ಮೊಬೈಲ್ ಬೇಡ ಅನ್ನುವವರು ಇದನ್ನೇ ಚೀಟಿಯಲ್ಲಿ ಬರೆದು ದಿನಕ್ಕೊಂದು ಫ್ರಿಜ್ಜಿಗೆ ಅಂಟಿಸಬಹುದು. ಬೆಳಿಗ್ಗೆಯ ನಾಲ್ಕು ಪುಟಕ್ಕೆ ನಾನು ಮೊಬೈಲ್ ಇಡಲೇ ಇಲ್ಲ. ಊಟದ ಡಬ್ಬದ ಮೇಲೆ ಪುಸ್ತಕ ಇಟ್ಟೆ. ಡಬ್ಬ ಚೀಲಕ್ಕೆ ಹಾಕುವಾಗ ಅದೂ ಬರುತ್ತದೆ.

ಸಮಯ ಸರಿಯಾಗಿದೆಯಾ ಅಂತ ತಿಳಿಯುವುದು ಹೀಗೆ: ಮೂರು ದಿನ ಸತತ ಸಾಲನ್ನು ಓದಿ ಒರಸಿ ಹಾಕಿದ್ದರೆ ಸಮಯ ತಪ್ಪಿದೆ. ಕಾಲು ಗಂಟೆ ಮುಂದೆ ಹಾಕಿ. ಸಾಲು ಬಂದದ್ದೇ ಗೊತ್ತಾಗಲಿಲ್ಲ ಅಂದರೆ ಸಾಲಿನ ಮಾತು ಸಪ್ಪೆ ಆಗಿದೆ, ಅದನ್ನು ಬದಲಾಯಿಸಿ.

ಮೂವತ್ತು ಸಾಲುಗಳು

ಇವು ರಾತ್ರಿ ಬರುವ ಸಾಲುಗಳು. ಪುಟದ ಸಂಖ್ಯೆ 192 ಪುಟದ ಪುಸ್ತಕದ್ದು, ಬೆಳಿಗ್ಗೆಯ ನಾಲ್ಕನ್ನೂ ಸೇರಿಸಿ. ನಿಮ್ಮದಕ್ಕೆ ತಕ್ಕಂತೆ ಬದಲಾಯಿಸಿ. ಕಥೆಯ ಮಾತು ಇರುವಲ್ಲಿ ನಿಮ್ಮ ಪುಸ್ತಕದ್ದನ್ನು ಹಾಕಿ.

ಮೊದಲ ವಾರ. ಇಲ್ಲಿ ಪುಸ್ತಕ ಎಲ್ಲಿದೆ ಅನ್ನುವುದೇ ಜಾಸ್ತಿ ಬೇಕು.

1. ಪುಟ 8. ಪುಸ್ತಕ ಅಕ್ಕಿ ಡಬ್ಬದ ಮೇಲೆ ಉಂಟು. ಕೂತ್ಕೊ.
2. ಪುಟ 16. ಕನ್ನಡಕ ಟಿವಿ ಹತ್ತಿರ. ಮೊದಲು ಅದು.
3. ಪುಟ 24. ನಿಧಾನ ಆದರೆ ಆಗಲಿ, ಕಣ್ಣಿಗೆ ಅಭ್ಯಾಸ ತಪ್ಪಿದೆ.
4. ಪುಟ 32. ಹೆಸರು ಗೊಂದಲ ಆದರೆ ಕೊನೆಯ ಹಾಳೆಯಲ್ಲಿ ಚೀಟಿ ಉಂಟು.
5. ಪುಟ 40. ಇವತ್ತು ಹತ್ತು ನಿಮಿಷ ಅಳೆಯಲಿಕ್ಕೆ ಉಂಟು.
6. ಪುಟ 48. ಶನಿವಾರ. ಬಟ್ಟೆ ನಾಳೆ ಮಡಚಬಹುದು.
7. ಓದು ಇಲ್ಲ. ಬಾಕಿ ಇದ್ದರೆ ಮಾತ್ರ. ಮುಂದಿನ ವಾರದ ಸಾಲು ಬರೆ.

ನಾಲ್ಕನೆಯ ದಿನದ ಚೀಟಿ ಅಂದರೆ ಪಾತ್ರಗಳ ಹೆಸರು. ಯಾರು ಯಾರಿಗೆ ಏನಾಗಬೇಕು ಅಂತ ಒಂದು ಬಸ್ ಟಿಕೆಟಿನ ಹಿಂದೆ ಬರೆದಿಟ್ಟಿದ್ದೆ. ದಿನಕ್ಕೆ ಎಂಟೇ ಪುಟ ಓದುವಾಗ ಅತ್ತೆ ಯಾರು, ಅತ್ತೆಯ ಅಕ್ಕ ಯಾರು ಅಂತ ಮರೆಯುತ್ತದೆ.

ಎರಡನೆಯ ವಾರ. ಕಥೆ ಹಿಡಿಯುವ ಹೊತ್ತು. ಸಾಲಿನಲ್ಲಿ ಪ್ರಶ್ನೆ ಬರಲಿ.

8. ಪುಟ 56. ಆಚೆ ದಡದಲ್ಲಿ ಕೂಗಿದ್ದು ಯಾರು?
9. ಪುಟ 64. ಪತ್ರ ಅವಳ ಕೈಗೆ ಸಿಕ್ಕಿತಾ?
10. ಪುಟ 72. ಎಂತ ಮಾಡ್ತಾನೆ ಈಗ ದೋಣಿ ಇಲ್ಲದೆ?
11. ಪುಟ 80. ಕರೆಂಟು ಹೋದರೆ ಟಾರ್ಚು ದೇವರ ಕೋಣೆಯಲ್ಲಿ.
12. ಪುಟ 88. ಶುಕ್ರವಾರ ಸುಸ್ತು. ನಾಲ್ಕೇ ಪುಟ ಆದರೂ ಆದೀತು.
13. ಪುಟ 96. ಅರ್ಧ. ಸಂಜೆ ವಾಯನಶಾಲೆಯಲ್ಲಿ ಪುಸ್ತಕ ಬರೆಸಿದ್ಯಾ?
14. ಬಾಕಿ ಎಷ್ಟು? 16ಕ್ಕಿಂತ ಜಾಸ್ತಿ ಇವತ್ತು ಓದಬೇಡ.

ಮೂರನೆಯ ವಾರದಲ್ಲಿ ಬಿಡುವವರು ಜಾಸ್ತಿ. ಹೊಸತನ ಹೋಗಿರುತ್ತದೆ, ಕೊನೆ ಇನ್ನೂ ದೂರ. ನನಗೆ ಇಲ್ಲಿ ಜಾಗ ಬದಲಾಯಿಸಿದ್ದು ಉಪಯೋಗವಾಯಿತು. ಒಳಗಿನ ಕುರ್ಚಿಯಿಂದ ಜಗಲಿಗೆ ಬಂದೆ.

15. ಪುಟ 104. ಇವತ್ತು ಜಗಲಿಯಲ್ಲಿ. ಸೊಳ್ಳೆಬತ್ತಿ ಹಚ್ಚು.
16. ಪುಟ 112. ಬೇಜಾರಾದರೆ ಎರಡು ಪುಟ ಓದಿ ನೋಡು, ಮತ್ತೆ ನಿನ್ನಿಷ್ಟ.
17. ಪುಟ 120. ಮುದುಕಿ ಸುಳ್ಳು ಹೇಳಿದ್ದು ಯಾಕೆ?
18. ಪುಟ 128. ಮೊಬೈಲು ಒಳಗೆ ಚಾರ್ಜಿಗೆ. ನೀನು ಹೊರಗೆ.
19. ಪುಟ 136. ನಾಳೆ ಗಡಿಬಿಡಿ ಉಂಟು, ಇವತ್ತಿನದ್ದು ಇವತ್ತೇ.
20. ಪುಟ 144. ಮಗಳಿಗೂ ಅವಳ ಪುಸ್ತಕ ಕೊಡು, ಪಕ್ಕದಲ್ಲೇ ಕೂರಲಿ.
21. ಓದು ಇಲ್ಲ. ಬಾಕಿ ಇದ್ದರೆ 16, ಇಲ್ಲದಿದ್ದರೆ ಮಲಗು.

ನಾಲ್ಕನೆಯ ವಾರ. ಈಗ ಸಾಲು ಸಣ್ಣದಾದರೂ ನಡೆಯುತ್ತದೆ.

22. ಪುಟ 152. ಮನೆ ಮಾರಿದನಾ?
23. ಪುಟ 160. ಎಂಟೇ. ಮುಂದೆ ಓಡಬೇಡ.
24. ಪುಟ 168. ಮಕ್ಕಳಿಗೆ ರಜೆ ಸಿಕ್ಕಿದರೆ ಬೆಳಿಗ್ಗೆಯದ್ದು ಬಿಡು, ರಾತ್ರಿ ನಾಲ್ಕು ಸಾಕು.
25. ಪುಟ 176. ದೋಣಿಯವ ವಾಪಸ್ ಬಂದ. ಆಮೇಲೆ?
26. ಪುಟ 184. ಬಾಗಿಲು ಹಾಕಿ ಕೂತ್ಕೊ ಇವತ್ತು.
27. ಪುಟ 192. ಸಂಜೆ ಪುಸ್ತಕ ಮತ್ತೆ ಬರೆಸಲಿಕ್ಕೆ ಉಂಟು.
28. ಬಾಕಿ ಇದ್ದರೆ 16. ಇಲ್ಲದಿದ್ದರೆ ಮುನ್ನುಡಿ.
29. ಉಳಿದದ್ದು.
30. ಪುಸ್ತಕ ವಾಪಸ್ ಕೊಡು. ಚೀಲದಲ್ಲಿ ಹಾಕಿದ್ಯಾ?

ಬಾಕಿ ಬಿದ್ದಾಗ

ಒಂದು ನಿಯಮ ಮಾತ್ರ ಗಟ್ಟಿಯಾಗಿ ಹಿಡಿಯಿರಿ. ತಪ್ಪಿದ ದಿನದ ಪುಟವನ್ನು ಮರುದಿನಕ್ಕೆ ಸೇರಿಸಬೇಡಿ. ನಿನ್ನೆಯ ಎಂಟು, ಇವತ್ತಿನ ಎಂಟು ಸೇರಿ ಹದಿನಾರು ಆದರೆ ಇವತ್ತೂ ಓದುವುದಿಲ್ಲ. ಮೂರು ದಿನಕ್ಕೆ ಅದು ಇಪ್ಪತ್ನಾಲ್ಕು ಆಗುತ್ತದೆ, ಪುಸ್ತಕದ ಮುಖ ನೋಡಲಿಕ್ಕೇ ಹೆದರಿಕೆ. ತಪ್ಪಿದ್ದು ಭಾನುವಾರಕ್ಕೆ. ಭಾನುವಾರವೂ ಹದಿನಾರಕ್ಕಿಂತ ಜಾಸ್ತಿ ಇಲ್ಲ. ಆದರೂ ಉಳಿದರೆ ಅದು 29, 30ಕ್ಕೆ ಹೋಗುತ್ತದೆ. ಆ ಎರಡು ದಿನ ಇರುವುದೇ ಅದಕ್ಕೆ.

ನನ್ನ ತಿಂಗಳು ನಿಜವಾಗಿ ಹೇಗೆ ಹೋಯಿತು ಅಂತ ಹೇಳಿದರೆ ನಿಮಗೆ ಅರ್ಥ ಆಗುತ್ತದೆ. ಶುರು ಮಾಡಿದ್ದು ಜುಲೈಯ ಒಂದು ಸೋಮವಾರ. ಜೂನ್ ಬೇಡ ಅಂತ ಬಿಟ್ಟದ್ದು ಬೇಕೆಂದೇ. ಶಾಲೆ ಶುರುವಾಗುವ ತಿಂಗಳು, ಸಮವಸ್ತ್ರ, ಪುಸ್ತಕಕ್ಕೆ ಬೈಂಡು ಹಾಕುವುದು. ಜೂನ್ 19ಕ್ಕೆ ಕೇರಳದ ಶಾಲೆಗಳಲ್ಲಿ ವಾಚನಾ ದಿನ ಅಂತ ಬೇರೆ ಉಂಟು. ಮಕ್ಕಳ ಓದಿಗೆ ಚಾರ್ಟು ಬರೆದುಕೊಡುವುದರಲ್ಲಿ ನಮ್ಮ ಓದು ಹಾರಿಹೋಗುತ್ತದೆ.

ಮೊದಲ ವಾರ ಶನಿವಾರ ತಪ್ಪಿತು, ಭಾನುವಾರ ಎಂಟು ಪುಟ ಓದಿದೆ. 48ಕ್ಕೆ ಬಂದೆ, ಸರಿ. ಎರಡನೆಯ ವಾರ ಚಿಕ್ಕವನಿಗೆ ಜ್ವರ. ಬುಧವಾರ, ಗುರುವಾರ, ಶುಕ್ರವಾರ ಪುಸ್ತಕ ಮುಟ್ಟಲಿಲ್ಲ. ಸಾಲು ಬರುತ್ತಿತ್ತು, ಒದ್ದೆ ಬಟ್ಟೆ ಹಿಂಡುತ್ತಾ ನೋಡಿ ಬಿಡುತ್ತಿದ್ದೆ. ಶನಿವಾರ 65ರಿಂದ ಮುಂದುವರಿಸಿ 72 ಮುಟ್ಟಿದೆ. ಭಾನುವಾರ ಹದಿನಾರು, 88. ಇರಬೇಕಾದ್ದು 96ರಲ್ಲಿ. ಎಂಟು ಬಾಕಿ.

ಮೂರನೆಯ ವಾರ ಆರೂ ದಿನ ಓದಿದೆ, 136. ಭಾನುವಾರ ಬಾಕಿ ತೀರಿಸಬಹುದಿತ್ತು, ಆದರೆ ತವರಿಗೆ ಹೋಗಿದ್ದೆ. ಪುಸ್ತಕ ಚೀಲದಲ್ಲಿತ್ತು, ತೆಗೆಯಲಿಲ್ಲ. ಅಮ್ಮನ ಜೊತೆ ಹಲಸಿನ ಬೀಜ ಸುಲಿಯುತ್ತಾ ಕೂತೆ. ಅದಕ್ಕೇನೂ ಬೇಸರ ಇಲ್ಲ.

ನಾಲ್ಕನೆಯ ವಾರ ಮಳೆ ಜೋರು. ಎರಡು ದಿನ ಕಲೆಕ್ಟರ್ ಶಾಲೆಗಳಿಗೆ ರಜೆ ಕೊಟ್ಟರು. ಅಂಗಡಿಗೆ ರಜೆ ಇಲ್ಲ. ಬೆಳಿಗ್ಗೆ ಮಕ್ಕಳನ್ನು ಅತ್ತಿಗೆಯ ಮನೆಯಲ್ಲಿ ಬಿಟ್ಟು ಓಡಬೇಕು, ಬಸ್ಸು ತಡ, ಅಂಗಡಿಯ ಬಾಗಿಲಲ್ಲಿ ಕೂರುವ ಹತ್ತು ನಿಮಿಷ ಹೋಯಿತು. ರಾತ್ರಿ ಹಗಲಿಡೀ ಕುಣಿದ ಮಕ್ಕಳು ಮಲಗುವುದೂ ತಡ. ಆ ಎರಡು ದಿನ ಸೊನ್ನೆ. ಉಳಿದ ನಾಲ್ಕು ದಿನದಲ್ಲಿ 168 ಆಯಿತು. ಕೊನೆಯ ಭಾನುವಾರ ಹದಿನಾರು, 184. ಕೊನೆಯ ಎಂಟು ಪುಟ 29ನೆಯ ದಿನ, ಸೋಮವಾರ ರಾತ್ರಿ.

ಒಟ್ಟು 24 ಓದುವ ದಿನಗಳಲ್ಲಿ ಆರು ತಪ್ಪಿತ್ತು. ಮಧ್ಯದ ಒಂದು ಭಾನುವಾರವೂ ಹೋಯಿತು. ಆದರೂ ಒಂದು ದಿನ ಉಳಿಯಿತು. ಆರೂವರೆ ಪುಟದ ಲೆಕ್ಕದಲ್ಲಿ ಹೋಗಿದ್ದರೆ ಜ್ವರದ ವಾರದಲ್ಲೇ ಬಿಟ್ಟಿರುತ್ತಿದ್ದೆ.

ಒಂದು ವಾರದಲ್ಲಿ ನಾಲ್ಕು ದಿನ ತಪ್ಪಿದರೆ ಎಂತ ಮಾಡುವುದು? ಆ ವಾರವನ್ನೇ ಲೆಕ್ಕದಿಂದ ತೆಗೆದುಬಿಡಿ. ಮುಂದಿನ ಸೋಮವಾರ ಅದೇ ವಾರದ ಸಾಲುಗಳನ್ನು ಮತ್ತೆ ಶುರು ಮಾಡಿ. ಮೂವತ್ತು ದಿನ ಮೂವತ್ತೇಳು ಆಗುತ್ತದೆ. ವಾಯನಶಾಲೆಯವರು ಮೂರನೆಯ ಸಲವೂ ಬರೆದುಕೊಡುತ್ತಾರೆ, ಆ ಕನ್ನಡ ಕಪಾಟಿನ ಪುಸ್ತಕಕ್ಕೆ ನಮ್ಮಲ್ಲಿ ಸಾಲು ನಿಂತವರು ಯಾರೂ ಇಲ್ಲ.

ಮೂವತ್ತನೆಯ ದಿನ ಸಂಜೆ ಮಗಳನ್ನು ಕರೆದುಕೊಂಡು ಪುಸ್ತಕ ಕೊಡಲು ಹೋದೆ. ಪುಸ್ತಕ ತೆಗೆದುಕೊಂಡವರು ಹಾಳೆ ತಿರುವಿ ನೋಡಿ, ಒಳಗಿದ್ದ ಬಸ್ ಟಿಕೆಟು ತೆಗೆದು ನನ್ನ ಕೈಗೆ ಕೊಟ್ಟರು. ಹಿಂದೆ ಅತ್ತೆ, ಅತ್ತೆಯ ಅಕ್ಕ, ದೋಣಿಯವ ಎಲ್ಲರ ಹೆಸರು. ಮಗಳು ಅದನ್ನು ಕಸಿದುಕೊಂಡು ಜೋರಾಗಿ ಓದಿದಳು. "ಇವರೆಲ್ಲ ನಮಗೆ ಎಂತ ಆಗ್ಬೇಕು ಅಮ್ಮ?" ಅಂತ ಕೇಳಿದಳು.